ಶುಕ್ರವಾರದ ಫೆಲೋಶಿಪ್‌ನಲ್ಲಿ ‘ದೇವರಿದ್ದರೆ ಈ ನೋವು ಯಾಕೆ’ ಪಾಠ: ಹೋದ ವರ್ಷ ಕೆಡಿಸಿದೆ, ಈ ಸಲ ಹೇಗೆ ಮಾಡಲಿ?

ಕೊನೇಬೆಂಚು

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಎರಡನೇ ವರ್ಷ. ನಮ್ಮ ಕ್ಯಾಂಪಸ್ ಫೆಲೋಶಿಪ್ ಶುಕ್ರವಾರ ಸಂಜೆ ಆರೂವರೆಗೆ ಸೇರುತ್ತೆ. ಲೇಡೀಸ್ ಹಾಸ್ಟೆಲ್ ಗೇಟು ಎಂಟೂವರೆಗೆ ಹಾಕ್ತಾರೆ, ಹಾಗಾಗಿ ಎಂಟಕ್ಕೆ ಮುಗಿಸಲೇಬೇಕು. ಇಪ್ಪತ್ತು ಇಪ್ಪತ್ತೆರಡು ಜನ ಬರ್ತಾರೆ. ಅರ್ಧ ಜನ ಚರ್ಚ್ ಮನೆತನದವರು, ಉಳಿದವರು ರೂಮ್‌ಮೇಟ್ ಕರೆದರು ಅಂತ ಬಂದವರು.

ಹೋದ ವರ್ಷ ಕೆಡುಕಿನ ಸಮಸ್ಯೆ ಬಗ್ಗೆ ಪಾಠ ಮಾಡಿದ್ದು ನಾನೇ. ಬೋರ್ಡ್ ಮೇಲೆ ಮೂರು ಸಾಲು ಬರೆದೆ. ದೇವರು ಸರ್ವಶಕ್ತ. ದೇವರು ಒಳ್ಳೆಯವನು. ಕೆಡುಕು ಇದೆ. ಈ ಮೂರೂ ಒಟ್ಟಿಗೆ ನಿಲ್ಲೋದು ಹೇಗೆ ಅಂತ ಕೇಳಿ, ಹತ್ತು ನಿಮಿಷ ಬಿಟ್ಟು ನಾನೇ ಉತ್ತರಾನೂ ಕೊಟ್ಟೆ: ದೇವರು ನಮಗೆ ಫ್ರೀ ವಿಲ್ ಕೊಟ್ಟಿದಾನೆ, ಪ್ರೀತಿಸೋ ಸ್ವಾತಂತ್ರ್ಯ ಇದ್ದಲ್ಲಿ ದ್ವೇಷಿಸೋ ಸ್ವಾತಂತ್ರ್ಯಾನೂ ಇರುತ್ತೆ. ಎಲ್ಲರೂ ಬರ್ಕೊಂಡ್ರು. ಆಗ ಕೊಡಗಿನ ಕಡೆಯ ಒಬ್ಬಳು ಕೈ ಎತ್ತಿದಳು. “ಅಣ್ಣಾ, 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿತು. ಅದು ಯಾರ ಫ್ರೀ ವಿಲ್?”

ಆದಾಮ ಪಾಪ ಮಾಡಿದಾಗ ಸೃಷ್ಟಿಯೇ ಕೆಟ್ಟಿತು ಅಂತ ಏನೋ ಹೇಳಿದೆ. ಅವಳು ಸುಮ್ಮನೆ ತಲೆ ಆಡಿಸಿ, ಪೆನ್ನಿನ ಮುಚ್ಚಳ ಹಾಕಿದಳು. ಮುಂದಿನ ಶುಕ್ರವಾರ ಬರಲಿಲ್ಲ. ಆಮೇಲೂ ಬರಲಿಲ್ಲ.

ಈ ವರ್ಷ ಮತ್ತೆ ಅದೇ ಪಾಠ ನನ್ನ ಪಾಲಿಗೇ ಬಂದಿದೆ. ಎಲ್ಲಿ ತಪ್ಪಿದೆ ಅಂತ ಸ್ವಲ್ಪ ಗೊತ್ತಿದೆ, ಸರಿ ಮಾಡೋದು ಹೇಗೆ ಅಂತ ಗೊತ್ತಿಲ್ಲ.

ದೃಢವಾದ ಬಂಡೆ

ಬ್ರದರ್, ನೀವು ತಪ್ಪೇನೂ ಹೇಳಿಲ್ಲ. ಈ ಸಮಸ್ಯೆ 1974ರಲ್ಲೇ ಮುಗಿದುಹೋಗಿದೆ. ಆಲ್ವಿನ್ ಪ್ಲಾಂಟಿಂಗ ಅನ್ನೋ ತತ್ವಜ್ಞಾನಿ ಫ್ರೀ ವಿಲ್ ವಾದವನ್ನ ಎಷ್ಟು ಬಿಗಿಯಾಗಿ ಕಟ್ಟಿದ ಅಂದ್ರೆ ನಾಸ್ತಿಕರೇ ಸೋಲು ಒಪ್ಕೊಂಡ್ರು. ಗುಡ್ಡ ಕುಸಿತಕ್ಕೂ ಅವನಲ್ಲಿ ಉತ್ತರ ಇದೆ. ಸೈತಾನ ಮತ್ತು ಅವನ ದೂತರೂ ಸ್ವತಂತ್ರ ಇಚ್ಛೆ ಇರೋರೇ ಅಲ್ವಾ? ಪ್ರಕೃತಿ ವಿಕೋಪ ಅವರ ಕೆಲಸ. ಅಲ್ಲಿಗೂ ಫ್ರೀ ವಿಲ್ಲೇ ಬಂತು. ಆ ತಂಗಿಗೆ ಇದನ್ನ ಹೇಳಿದ್ರೆ ಸಾಕಿತ್ತು.

ಸಂಡೇಸ್ಕೂಲ್ ಆಂಟಿ

ಕೆಡುಕಿನ ಸಮಸ್ಯೆ ಈಗ ಎಲ್ಲಾ ಹಾಸ್ಟೆಲಲ್ಲೂ ಇದೆಯಪ್ಪಾ. ರಾತ್ರಿ ಎರಡರ ತನಕ ಮೊಬೈಲು, ಬರ್ತ್‌ಡೇ ಅಂತ ಕುಡಿಯೋದು. ಮೊದಲು ವಾರ್ಡನ್ ಹತ್ತಿರ ಮಾತಾಡಿ. ನಮ್ಮ ಮಗನ ಹಾಸ್ಟೆಲಲ್ಲಿ ಹಾಗೆ ಮಾಡಿದ ಮೇಲೆ ಸ್ವಲ್ಪ ಸುಧಾರಿಸಿತು.

ಕೊನೇಬೆಂಚು

ಆಂಟಿ, ಅದಲ್ಲ :) ದೇವರು ಇದ್ದೂ ಲೋಕದಲ್ಲಿ ಇಷ್ಟು ನೋವು ಯಾಕಿದೆ ಅನ್ನೋ ಪ್ರಶ್ನೆ.

ಸಂಡೇಸ್ಕೂಲ್ ಆಂಟಿ

ಓ ಹಾಗಾ. ಅದಕ್ಕೆ ವಾರ್ಡನ್ ಏನು ಮಾಡೋಕಾಗುತ್ತೆ.

ಹಳೇ ಮೇಷ್ಟ್ರು

ಮೂವತ್ತು ವರ್ಷ ಡಿಗ್ರಿ ಕಾಲೇಜಲ್ಲಿ ತತ್ವಶಾಸ್ತ್ರ ಹೇಳಿದವನು, ಈಗ ನಿವೃತ್ತ. ನಿಮ್ಮಂಥದೇ ಒಂದು ಫೆಲೋಶಿಪ್‌ಗೆ ಹಿರಿಯನಾಗಿಯೂ ಇದ್ದೆ. ‘ದೃಢವಾದ ಬಂಡೆ’ಯವರು ಹೇಳಿದ್ದರಲ್ಲಿ ಅರ್ಧ ಸರಿ. ಉಳಿದ ಅರ್ಧವೇ ನಿಮ್ಮ ಪಾಠವನ್ನು ಕೆಡಿಸಿದ್ದು.

1955ರಲ್ಲಿ ಜೆ.ಎಲ್. ಮ್ಯಾಕಿ ಎಂಬವರು ಒಂದು ಲೇಖನ ಬರೆದರು. ನೀವು ಬೋರ್ಡ್ ಮೇಲೆ ಬರೆದ ಆ ಮೂರು ಸಾಲು ಹೆಚ್ಚುಕಡಿಮೆ ಅಲ್ಲಿಂದಲೇ ಬಂದದ್ದು. ಅವರ ಆರೋಪ ಬಲು ದೊಡ್ಡದು. ಈ ಮೂರನ್ನೂ ಒಟ್ಟಿಗೆ ನಂಬುವುದು, ಒಬ್ಬನನ್ನು ಬ್ರಹ್ಮಚಾರಿ ಅಂತಲೂ ಅವನಿಗೆ ಹೆಂಡತಿ ಇದ್ದಾಳೆ ಅಂತಲೂ ಹೇಳಿದ ಹಾಗೆ, ಮಾತಿನಲ್ಲೇ ವಿರೋಧ ಇದೆ ಅಂದರು. ಇಂಥ ಆರೋಪವನ್ನು ಬೀಳಿಸಲು ನಿಜವಾದ ಕಾರಣ ಏನೆಂದು ತೋರಿಸಬೇಕಿಲ್ಲ. ಮೂರೂ ಒಟ್ಟಿಗೆ ಇರಬಲ್ಲ ಒಂದೇ ಒಂದು ಸಾಧ್ಯತೆ ತೋರಿಸಿದರೆ ಸಾಕು, ಅದು ನಂಬಲು ಎಷ್ಟೇ ಕಷ್ಟವಾಗಿದ್ದರೂ ಸರಿ. ಪ್ಲಾಂಟಿಂಗ ಮಾಡಿದ್ದು ಅಷ್ಟೇ. ಸೈತಾನನ ಮಾತೂ ಅಲ್ಲಿಗೇ ಸೇರಿದ್ದು. ‘ಹೀಗಿರಲೂಬಹುದು’ ಅಂದರೇ ಹೊರತು ‘ಭೂಕಂಪ ಸೈತಾನನಿಂದಲೇ ಆಗುತ್ತದೆ’ ಅಂತ ಆ ವಾದದಲ್ಲಿ ಅವರು ಹೇಳಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಕೋರ್ಟಿನಲ್ಲಿ ವಕೀಲ “ನನ್ನ ಕಕ್ಷಿದಾರ ಆ ಹೊತ್ತಿಗೆ ಬೇರೆ ಊರಲ್ಲಿ ಇದ್ದಿರಬಹುದು” ಎಂದು ಸಂಶಯ ಎಬ್ಬಿಸಿದರೆ ಕೇಸು ಬಿದ್ದುಹೋಗಬಹುದು. ಅದೇ ಮಾತನ್ನು ಅವನ ಹೆಂಡತಿಯ ಹತ್ತಿರ ಹೋಗಿ ಹೇಳಿದರೆ? ಆಕೆಗೆ ಬೇಕಿದ್ದದ್ದು ಅವನು ಎಲ್ಲಿದ್ದ ಅಂತ. ನೀವು ಮಾಡಿದ್ದು ಅದೇ ತಪ್ಪು. ಒಂದು ಆರೋಪಕ್ಕೆ ಕೊಡುವ ಪ್ರತಿವಾದವನ್ನು ಒಂದು ನೋವಿಗೆ ಕಾರಣ ಅಂತ ಕೊಟ್ಟಿರಿ.

ದೃಢವಾದ ಬಂಡೆ

ಆದ್ರೂ ಸರ್, ವಾದ ಗೆದ್ದಿದೆ ಅನ್ನೋದು ನಿಜ ತಾನೇ?

ಹಳೇ ಮೇಷ್ಟ್ರು

ಆ ಒಂದು ವಾದದ ಮಟ್ಟಿಗೆ ಬಹುತೇಕ ಗೆದ್ದಿದೆ. ಮಾತಿನಲ್ಲೇ ವಿರೋಧ ಇದೆ ಅಂತ ಯಾರಿಂದಲೂ ತೋರಿಸಲಾಗಿಲ್ಲ ಎಂದು ನಾಸ್ತಿಕರಾದ ವಿಲಿಯಂ ರೋ ಅವರೇ 1979ರಲ್ಲಿ ಬರೆದರು. ಬರೆದು ಸುಮ್ಮನಾಗಲಿಲ್ಲ, ಅದೇ ಲೇಖನದಲ್ಲಿ ಬೇರೆ ಬಾಗಿಲಿನಿಂದ ಬಂದರು. ನಿಮ್ಮ ಹುಡುಗರು ಎದುರಿಸಬೇಕಾದದ್ದು ಆ ಎರಡನೆಯ ಬಾಗಿಲನ್ನು.

ಸರ್ಕ್ಯೂಟ್

ನಾನು ಫೆಲೋಶಿಪ್‌ನವನಲ್ಲ, ನಂಬಿಕೇನೂ ಇಲ್ಲ. ರೂಮ್‌ಮೇಟ್ ಈ ಲಿಂಕ್ ಕಳಿಸಿದ. ಮೇಷ್ಟ್ರು ಹೇಳಿದ ಆ ರೋ ಅವರ ಜಿಂಕೆಮರಿ ಕಥೆ ನಂಗೆ ಗೊತ್ತು. ಎಲ್ಲೋ ದೂರದ ಕಾಡು, ಸಿಡಿಲು ಬಡಿದು ಒಣಮರಕ್ಕೆ ಬೆಂಕಿ ಹತ್ತುತ್ತೆ. ಕಾಳ್ಗಿಚ್ಚಲ್ಲಿ ಒಂದು ಜಿಂಕೆಮರಿ ಸಿಕ್ಕಿ ಸುಟ್ಟು, ಕೆಲವು ದಿನ ನರಳಿ ಸಾಯುತ್ತೆ. ನೋಡಿದವರಿಲ್ಲ, ಆ ನೋವಿಂದ ಪಾಠ ಕಲಿತವರಿಲ್ಲ, ಯಾರ ಫ್ರೀ ವಿಲ್ಲೂ ಇಲ್ಲ. ಆ ಮರಿ ಮೊದಲನೇ ದಿನವೇ ಸತ್ತಿದ್ರೆ ಲೋಕಕ್ಕೆ ಏನು ನಷ್ಟ ಆಗ್ತಿತ್ತು?

ದೇವರು ಇರೋಕೆ ಸಾಧ್ಯವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇಂಥವು ಲಕ್ಷಗಟ್ಟಲೆ ನಡೀತಿರುವಾಗ ಇದ್ದಾನೆ ಅನ್ನೋದಕ್ಕಿಂತ ಇಲ್ಲ ಅನ್ನೋದೇ ಹೆಚ್ಚು ಸರಿಹೊಂದುತ್ತೆ ಅಂತೀನಿ. ಇದಕ್ಕೆ ನಿಮ್ಮ ಪಾಠದಲ್ಲಿ ಜಾಗ ಇದೆಯಾ?

ಹಳೇ ಮೇಷ್ಟ್ರು

ಇದೆ, ಇರಲೇಬೇಕು. ಬಹಳ ಚೆನ್ನಾಗಿ ಹೇಳಿದಿರಿ ತಮ್ಮಾ.

ಇದಕ್ಕೆ ಬಂದ ಒಂದು ಉತ್ತರ ಹೀಗಿದೆ. ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿ ‘ಆನೆ ಇಲ್ಲ’ ಅಂದರೆ ಒಪ್ಪಬಹುದು, ಇದ್ದಿದ್ದರೆ ಕಾಣುತ್ತಿತ್ತು. ಅಲ್ಲೇ ನಿಂತು ‘ಸೊಳ್ಳೆ ಇಲ್ಲ’ ಅಂದರೆ ಒಪ್ಪಲಾಗದು, ಇದ್ದರೂ ಅಲ್ಲಿಂದ ಕಾಣುವುದಿಲ್ಲ. ದೇವರ ಕಾರಣಗಳು ಆನೆಯ ಹಾಗೋ ಸೊಳ್ಳೆಯ ಹಾಗೋ? ನಮ್ಮ ಬುದ್ಧಿಯ ಅಳತೆಗೆ ಅವು ಸೊಳ್ಳೆಯ ಹಾಗೇ ಇರುತ್ತವೆ, ಆದ್ದರಿಂದ ‘ನನಗೆ ಕಾರಣ ಕಾಣುತ್ತಿಲ್ಲ’ದಿಂದ ‘ಕಾರಣವೇ ಇಲ್ಲ’ಕ್ಕೆ ಹಾರಬೇಡಿ ಎನ್ನುವುದು ಆ ಉತ್ತರ. 1984ರಲ್ಲಿ ಸ್ಟೀಫನ್ ವೈಕ್‌ಸ್ಟ್ರಾ ಈ ದಾರಿ ಹಿಡಿದರು. ಆನೆ ಸೊಳ್ಳೆಯ ಹೋಲಿಕೆ ಮಾತ್ರ ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು.

ಆದರೆ ಇದನ್ನು ಹೇಳಿದವರು ಇದರ ಬೆಲೆಯನ್ನೂ ಹೇಳಬೇಕು. ದೇವರ ಕಾರಣ ನಮಗೆ ತಿಳಿಯುವುದೇ ಇಲ್ಲ ಅಂತಾದರೆ, ಕೆರೆಯಲ್ಲಿ ಮುಳುಗುತ್ತಿರುವ ಮಗುವನ್ನು ಎತ್ತುವಾಗ ‘ಇದು ಮುಳುಗಲು ಏನು ಕಾರಣವಿದೆಯೋ’ ಎಂದು ನಿಲ್ಲಬೇಕೇ? ಒಳ್ಳೆಯದಾದಾಗ ಮಾತ್ರ ‘ದೇವರು ಮಾಡಿದ್ದು ಯಾಕೆ ಅಂತ ಗೊತ್ತಾಯಿತು’ ಎಂದು ಸಾಕ್ಷಿ ಹೇಳುವುದು ಹೇಗೆ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಇದು. ನನ್ನಲ್ಲಿ ಪೂರ್ತಿ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕಡಲಬದಿ

ಉಡುಪಿ ಕಡೆಯವ ನಾನು. ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಉಂಟು ಅಂತ ತಿಳ್ಕೊಳ್ಬೇಡಿ ಮಾರಾಯ್ರೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೊದಲ ಪಾದದಲ್ಲಿ ನೇರವಾಗಿ ಬರ್ತದೆ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಟ್ಟ ದೇವರಿಗೆ ಪಕ್ಷಪಾತ ಮತ್ತು ನಿರ್ದಯತೆಯ ದೋಷ ಬರುವುದಿಲ್ಲವಾ ಅಂತ. ವೈಷಮ್ಯ, ನೈರ್ಘೃಣ್ಯ ಅಂತ ಅಲ್ಲಿಯ ಮಾತು. ಉತ್ತರ, ದೇವರು ಅವರವರ ಕರ್ಮ ನೋಡಿ ಕೊಡ್ತಾನೆ. ಶಂಕರರು ಮಳೆಯ ಉದಾಹರಣೆ ಕೊಡ್ತಾರೆ. ಮಳೆ ಎಲ್ಲಾ ಗದ್ದೆಗೂ ಒಂದೇ, ಭತ್ತ ಬರ್ತದೋ ಬೇರೆ ಧಾನ್ಯ ಬರ್ತದೋ ಅನ್ನುವುದು ಬೀಜಕ್ಕೆ ಬಿಟ್ಟದ್ದು. ಹಾಗಾದ್ರೆ ಮೊತ್ತಮೊದಲ ಕರ್ಮ ಎಲ್ಲಿಂದ ಬಂತು ಅಂತಲೂ ಅಲ್ಲೇ ಕೇಳ್ತಾರೆ. ಸಂಸಾರಕ್ಕೆ ಆದಿಯೇ ಇಲ್ಲ ಅನ್ನುವುದು ಅದಕ್ಕೆ ಉತ್ತರ.

ಯಾಕೆ ಹೇಳಿದೆ ಅಂದ್ರೆ, ನಿಮ್ಮ ರೂಮ್‌ಮೇಟ್‌ಗಳಲ್ಲಿ ಮುಕ್ಕಾಲು ಪಾಲು ಜನ ಈ ಉತ್ತರ ಕೇಳ್ತಾ ಬೆಳೆದವರು. ‘ಹೋದ ಜನ್ಮದ್ದು’ ಅಂತ ಹೇಳಿ ಸುಮ್ಮನಾಗ್ತಾರೆ. ನಿಮ್ಮ ಪಾಠ ಅದನ್ನ ಕಾಣದ ಹಾಗೆ ದಾಟಿ ಹೋದ್ರೆ ಅವರಿಗೆ ಅದು ವಿದೇಶದ ಜಗಳ ಅನ್ನಿಸ್ತದೆ.

ಹಳೇ ಮೇಷ್ಟ್ರು

ಒಳ್ಳೆಯ ಮಾತು ನೆನಪಿಸಿದಿರಿ. ಯೋಹಾನನ ಸುವಾರ್ತೆ ಒಂಬತ್ತನೇ ಅಧ್ಯಾಯದಲ್ಲಿ ಶಿಷ್ಯರೂ ಹೀಗೇ ಕೇಳುತ್ತಾರೆ. ಇವನು ಹುಟ್ಟುಕುರುಡ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ? ಲೆಕ್ಕ ಎಲ್ಲೋ ಸರಿಹೋಗಲೇಬೇಕು ಎನ್ನುವ ಆಸೆ ಎಲ್ಲಾ ಊರಲ್ಲೂ ಇದೆ. ಕರ್ಮದ ಉತ್ತರದಲ್ಲಿ ಒಂದು ನ್ಯಾಯವಿದೆ, ಅದನ್ನು ಹಾಸ್ಯ ಮಾಡಿದರೆ ನಾನು ಮೊದಲು ಎದ್ದು ಹೋಗುತ್ತೇನೆ. ಯೇಸು ಅಲ್ಲಿ ಎರಡನ್ನೂ ಅಲ್ಲ ಎನ್ನುತ್ತಾನೆ. ಅಲ್ಲ ಅಂದಮೇಲೆ ಕ್ರೈಸ್ತನಿಗೆ ಲೆಕ್ಕ ಸರಿಹೋಗುವುದಿಲ್ಲ, ಕಷ್ಟ ಇನ್ನೂ ಹೆಚ್ಚುತ್ತದೆ. ಅದನ್ನು ಹುಡುಗರಿಗೆ ಮುಚ್ಚಿಡಬೇಡಿ.

ನೈಟ್‌ಡ್ಯೂಟಿ

ನಾನು ನರ್ಸು. ದೊಡ್ಡ ದೊಡ್ಡ ಹೆಸರು ನನಗೆ ಗೊತ್ತಿಲ್ಲ. ಆರು ವರ್ಷದ ಹಿಂದೆ ನನ್ನ ಮಗಳು ಹೋದಳು. ಎರಡೂವರೆ ವರ್ಷ. ಮೂರನೇ ದಿನದ ಪ್ರಾರ್ಥನೆಗೆ ಬಂದ ಒಬ್ಬರು ನನ್ನ ಕೈ ಹಿಡಿದು “ದೇವರ ತೋಟಕ್ಕೆ ಒಂದು ಹೂ ಬೇಕಿತ್ತು ಸಿಸ್ಟರ್, ಕಿತ್ಕೊಂಡ” ಅಂದ್ರು. ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಅವತ್ತಿಂದ ಎರಡು ವರ್ಷ ನಾನು ಪ್ರಾರ್ಥನೆ ಮಾಡಲಿಲ್ಲ. ಹೂ ಬೇಕು ಅಂತ ಮಗು ಕಿತ್ಕೊಳ್ಳೋನ ಹತ್ರ ನಾನೇನು ಕೇಳಲಿ?

ಅವತ್ತು ನಮ್ಮ ಪಕ್ಕದ ಮನೆ ಅಜ್ಜಿ ಏನೂ ಹೇಳಲಿಲ್ಲ. ಸಿಂಕಲ್ಲಿ ರಾಶಿ ಬಿದ್ದಿದ್ದ ಲೋಟಗಳನ್ನೆಲ್ಲಾ ತೊಳೆದಿಟ್ಟು ಹೋದ್ರು. ಅದೊಂದೇ ನನಗೆ ನೆನಪಿರೋದು.

ನಿಮ್ಮ ಇಪ್ಪತ್ತು ಜನರಲ್ಲಿ ನನ್ನಂಥವರು ಒಬ್ಬಿಬ್ಬರು ಇದ್ದೇ ಇರ್ತಾರೆ ತಮ್ಮಾ. ಹೇಳ್ಕೊಳ್ಳಲ್ಲ ಅಷ್ಟೇ.

ದೃಢವಾದ ಬಂಡೆ

ಸಿಸ್ಟರ್, ಕ್ಷಮಿಸಿ. ಇದನ್ನ ಓದಿದ ಮೇಲೆ ನನ್ನ ಮೊದಲಿನ ಪೋಸ್ಟ್ ನಂಗೇ ಹೇಗೋ ಕಾಣ್ತಿದೆ. ಆದ್ರೆ ಒಂದು ಪ್ರಶ್ನೆ ಉಳಿಯುತ್ತೆ. ಸುಮ್ಮನೆ ಕೂರೋದೇ ಸರಿ ಅಂದ್ರೆ ಪಾಠ ಯಾಕೆ? ‘ಸರ್ಕ್ಯೂಟ್’ ಥರ ಕೇಳೋರಿಗೆ ಲೋಟ ತೊಳೆದು ಕೊಟ್ಟರೆ ಆಗುತ್ತಾ?

ಸರ್ಕ್ಯೂಟ್

ಇಲ್ಲ, ಆಗಲ್ಲ. ನಂಗೆ ವಾದವೇ ಬೇಕು. ಸಮಾಧಾನ ಮಾಡೋಕೆ ಬಂದ್ರೆ ಕೋಪ ಬರುತ್ತೆ.

ಹಳೇ ಮೇಷ್ಟ್ರು

ಇಬ್ಬರ ಮಾತೂ ಸರಿ, ಅದಕ್ಕೇ ಈ ಪಾಠ ಕಷ್ಟ. ಒಂದೇ ಕೋಣೆಯಲ್ಲಿ ಇಬ್ಬರೂ ಕೂತಿರುತ್ತಾರೆ, ಮುಖ ನೋಡಿದರೆ ಗೊತ್ತಾಗುವುದಿಲ್ಲ. ನಾನು ಕೆಲವು ವರ್ಷ ಮಾಡಿ ನೋಡಿದ ಕ್ರಮ ಹೇಳುತ್ತೇನೆ, ಬೇಕಾದ್ದು ತೆಗೆದುಕೊಳ್ಳಿ.

ಬಂದ ತಕ್ಷಣ ಚೀಟಿ ಹಂಚಿ. ಹೆಸರಿಲ್ಲದೆ ಒಂದೇ ಸಾಲು, ದೇವರನ್ನು ಕೇಳಬೇಕೆಂದಿರುವ ಪ್ರಶ್ನೆ. ಹತ್ತು ನಿಮಿಷ. ಚೀಟಿಗಳನ್ನು ಗಟ್ಟಿಯಾಗಿ ಓದಬೇಡಿ, ನೀವು ಮಾತ್ರ ಓದಿಕೊಳ್ಳಿ. ‘ಯಾಕೆ ಯುದ್ಧಗಳಾಗುತ್ತವೆ’ ಎಂಬಂಥವೇ ಹೆಚ್ಚಿದ್ದರೆ ವಾದಕ್ಕೆ ಹೆಚ್ಚು ಹೊತ್ತು ಕೊಡಿ. ‘ಅಪ್ಪ’, ‘ತಮ್ಮ’, ‘ಅವತ್ತು’ ಇಂಥ ಮಾತುಗಳು ಬಂದಿದ್ದರೆ ವಾದವನ್ನು ಕಡಿಮೆ ಮಾಡಿ, ಆದರೆ ಬಿಡಬೇಡಿ.

ಆಮೇಲೆ ಲೂಕ ಹದಿಮೂರರ ಮೊದಲ ಒಂಬತ್ತು ವಚನ. ಅಲ್ಲಿ ಎರಡು ಸುದ್ದಿ ಇವೆ. ಒಂದು, ಬಲಿ ಕೊಡುತ್ತಿದ್ದ ಗಲಿಲಾಯದವರನ್ನು ಪಿಲಾತ ಕೊಲ್ಲಿಸಿದ್ದು. ಇನ್ನೊಂದು, ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತದ್ದು. ಒಂದು ಮನುಷ್ಯ ಮಾಡಿದ್ದು, ಇನ್ನೊಂದು ತಾನಾಗಿ ಆದದ್ದು. ನಿಮ್ಮ ಕೊಡಗಿನ ಹುಡುಗಿ ಕೇಳಿದ ಪ್ರಶ್ನೆ ಆ ಎರಡನೆಯದರಲ್ಲಿದೆ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೋ? ಅಲ್ಲ ಎಂಬ ಉತ್ತರ ಯೇಸುವಿನಿಂದ ಎರಡು ಸಲ ಬರುತ್ತದೆ. ಮತ್ತೆ ಯಾಕೆ ಅಂದರೆ, ಅದಕ್ಕೆ ಉತ್ತರ ಇಲ್ಲ. ಅದರ ಬದಲು ನೀವೂ ದೇವರ ಕಡೆಗೆ ತಿರುಗಿಕೊಳ್ಳಿ ಎಂಬ ಗಡಸು ಮಾತು ಬರುತ್ತದೆ. ಅದರ ಬೆನ್ನಿಗೇ, ಮೂರು ವರ್ಷದಿಂದ ಹಣ್ಣು ಬಿಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷ ಅಗೆದು ಗೊಬ್ಬರ ಹಾಕುತ್ತೇನೆ, ಬಿಡು ಎನ್ನುವ ತೋಟಗಾರ ಬರುತ್ತಾನೆ. ಹುಡುಗರು ಇಲ್ಲಿ ಜಗಳ ಆಡಲಿ, ಇಪ್ಪತ್ತೈದು ನಿಮಿಷ ಬಿಡಿ.

ಇನ್ನೊಂದು. ‘ತಾನಾಗಿ ಆದದ್ದು’ ಅಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ಬುರುಜು ಕಟ್ಟಿದವರು ಯಾರೋ ಇದ್ದರಲ್ಲ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ನಿನಲ್ಲಿ ಭೂಕಂಪವಾಯಿತು. ಜನ ಚರ್ಚುಗಳಲ್ಲಿದ್ದರು. ಆಮೇಲೆ ಸಮುದ್ರ ನುಗ್ಗಿತು, ಬೆಂಕಿ ದಿನಗಟ್ಟಲೆ ಉರಿಯಿತು. ಇದು ಎಲ್ಲಾ ಲೋಕಗಳಲ್ಲೂ ಉತ್ತಮ ಲೋಕ ಎನ್ನುತ್ತಿದ್ದವರನ್ನು ವೋಲ್ಟೇರ್ ಕವಿತೆ ಬರೆದು ಚುಚ್ಚಿದ. ಮರುವರ್ಷದ ಆಗಸ್ಟ್‌ನಲ್ಲಿ ರೂಸೋ ಅವನಿಗೊಂದು ಪತ್ರ ಬರೆದ. ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ ಎನ್ನುವುದು ಅದರ ಒಂದು ಮುಖ್ಯ ಮಾತು.

ಕಾಫಿತೋಟ

ಮಡಿಕೇರಿ ಹತ್ತಿರದವನು. ರೂಸೋ ಹೇಳಿದ್ದು ನಮ್ಮಲ್ಲೂ ಅರ್ಧ ನಿಜ. ಗುಡ್ಡದ ಬುಡ ಕಡಿದು ರಸ್ತೆ, ಮನೆ, ಹೋಂಸ್ಟೇ ಮಾಡಿದ್ದೂ ಕುಸಿತಕ್ಕೆ ಒಂದು ಕಾರಣ ಅಂತ ಆಮೇಲೆ ಬಂದ ಭೂವಿಜ್ಞಾನಿಗಳು ಹೇಳಿದ್ರು. ಆದ್ರೆ ಗುಡ್ಡ ಕಡಿದವರೇ ಮಣ್ಣಿನಡಿ ಹೋಗಲಿಲ್ಲ. ಮಕ್ಕಂದೂರು ಕಡೆ ತೋಟ, ಮನೆ ಕಳ್ಕೊಂಡವರಲ್ಲಿ ಜೀವಮಾನದಲ್ಲಿ ಒಂದು ಜೆಸಿಬಿ ಕರೆಸದವರೂ ಇದ್ದಾರೆ. ಅವರ ಹತ್ರ ‘ಮನುಷ್ಯರ ತಪ್ಪು’ ಅಂತ ಹೇಳಿ ನೋಡಿ.

ಅಷ್ಟೇ ಅಲ್ಲ, ಅವತ್ತು ಮಳೆ ಸುರಿಸಿದ್ದು ಯಾರು ಹೇಳಿ?

ಸರ್ಕ್ಯೂಟ್

ಅದೇ. ಒಬ್ಬರ ಸ್ವಾತಂತ್ರ್ಯಕ್ಕೆ ಇನ್ನೊಬ್ಬರು ಬೆಲೆ ತೆರೋ ವ್ಯವಸ್ಥೇನ ಯಾರು ಡಿಸೈನ್ ಮಾಡಿದ್ದು?

ದೃಢವಾದ ಬಂಡೆ

ಬೈಬಲಲ್ಲಿ ಯೋಬನ ಪುಸ್ತಕ ಇದೆಯಲ್ಲಾ, ತಪ್ಪು ಮಾಡದೆ ಎಲ್ಲಾ ಕಳ್ಕೊಂಡವನ ಕಥೆ. ಕೊನೇಲಿ ದೇವರೇ ಸುಂಟರಗಾಳಿಯೊಳಗಿಂದ ಉತ್ತರ ಕೊಡ್ತಾನೆ. ಅಲ್ಲಿಗೆ ಮುಗಿಸಬಹುದು.

ಹಳೇ ಮೇಷ್ಟ್ರು

ಉತ್ತರ ಏನು ಕೊಡುತ್ತಾನೆ ಅಂತ ಇನ್ನೊಮ್ಮೆ ಓದಿ ನೋಡಿ. ಮೂವತ್ತೆಂಟರಿಂದ ನಾಲ್ಕು ಅಧ್ಯಾಯ ಬರೀ ಪ್ರಶ್ನೆ. ಕಾಡುಮೇಕೆ ಯಾವಾಗ ಈಯುತ್ತದೆ ಗೊತ್ತೇ, ಕಾಗೆಮರಿಗೆ ತಿನ್ನಿಸುವವರು ಯಾರು. ಮೊದಲ ಎರಡು ಅಧ್ಯಾಯದಲ್ಲಿ ಯೋಬನನ್ನು ಪರೀಕ್ಷಿಸುವ ಬಗ್ಗೆ ದೇವರಿಗೂ ಸೈತಾನನಿಗೂ ನಡೆದ ಆ ಮಾತುಕತೆ ಇದೆಯಲ್ಲ, ಅದನ್ನು ಓದುವ ನಮಗೆ ಗೊತ್ತು. ಯೋಬನಿಗೆ ಪುಸ್ತಕ ಮುಗಿದರೂ ಯಾರೂ ಹೇಳುವುದಿಲ್ಲ. ಹೇಳಿದ್ದರೆ ಅವನಿಗೆ ಸಮಾಧಾನ ಆಗುತ್ತಿತ್ತೇ? ನನಗೆ ಅನುಮಾನ.

ಯೋಬನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಮೂವರೂ ಬಂದು ಏಳು ದಿನ ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಕೂತರು. ‘ನೈಟ್‌ಡ್ಯೂಟಿ’ಯವರ ಪಕ್ಕದ ಮನೆ ಅಜ್ಜಿ ಅವರೇ. ಆಮೇಲೆ ಬಾಯಿಬಿಟ್ಟು ದೇವರ ಪರವಾಗಿ ಅಧ್ಯಾಯಗಟ್ಟಲೆ ವಾದ ಮಾಡಿದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ದೂರು ಹೇಳಿದ ಯೋಬನ ಮೇಲಲ್ಲ, ತನ್ನ ಪರ ವಾದಿಸಿದ ಈ ಮೂವರ ಮೇಲೆ. ನಲವತ್ತೆರಡನೇ ಅಧ್ಯಾಯ, ಏಳನೇ ವಚನ. ಪಾಠ ಹೇಳಲು ಹೊರಟವರು ಮೊದಲು ಓದಬೇಕಾದ ವಚನ ಅದು. ನಾನು ಓದಿದ್ದು ತಡವಾಗಿ.

ಕೊನೇಬೆಂಚು

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ 88ನೇ ಕೀರ್ತನೆ ಓದಿಸೋಣ ಅಂದ್ಕೊಂಡಿದೀನಿ. ಬೇರೆ ದೂರಿನ ಕೀರ್ತನೆಗಳೆಲ್ಲಾ ಸಾಮಾನ್ಯವಾಗಿ ಸ್ತೋತ್ರಕ್ಕೆ ತಿರುಗ್ತವೆ, ಇದು ತಿರುಗಲ್ಲ. ಕತ್ತಲಲ್ಲೇ ನಿಂತುಬಿಡುತ್ತೆ. ಆಮೇಲೆ ಹಾಡು ಬೇಡ ಅಂತ ಅನ್ನಿಸ್ತಿದೆ.

ಸಂಡೇಸ್ಕೂಲ್ ಆಂಟಿ

ಹಾಡಿಲ್ಲದೆ ಮಕ್ಕಳನ್ನ ಹಾಗೇ ಕಳಿಸ್ತೀಯಾ? ರಾತ್ರಿ ಹೊತ್ತು? ಒಂದು ಹಾಡು ಹೇಳಿಸಪ್ಪಾ, ಚಿಕ್ಕದು.

ನೈಟ್‌ಡ್ಯೂಟಿ

ಬೇಡ. ನಾನು ಅವತ್ತು ಅಲ್ಲಿದ್ದಿದ್ರೆ ನನಗೆ ಹಾಡೋಕೆ ಆಗ್ತಿರಲಿಲ್ಲ. ಹಾಡದೆ ನಿಂತವಳು ನಾನೊಬ್ಬಳೇ ಅಂತ ಎಲ್ಲರಿಗೂ ಕಾಣ್ತಿತ್ತು.

ಕೊನೇಬೆಂಚು (ಎರಡು ವಾರದ ನಂತರ)

ಪಾಠ ಆಯ್ತು. ಹತ್ತೊಂಬತ್ತು ಜನ ಬಂದಿದ್ರು. ಹತ್ತೊಂಬತ್ತು ಚೀಟಿಯಲ್ಲಿ ಆರು ಖಾಲಿ. ಏಳು ‘ಸರ್ಕ್ಯೂಟ್’ ಕೇಳೋ ಥರದವು. ಒಂದರಲ್ಲಿ “ಸೆಮ್ ಫೀಸು” ಅಂತ ಮಾತ್ರ ಇತ್ತು, ಅದನ್ನ ಯಾವ ರಾಶಿಗೆ ಹಾಕಬೇಕು ಅಂತ ತಿಳೀಲಿಲ್ಲ. ಉಳಿದ ಐದು ಓದಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಬುರುಜಿನ ಭಾಗ ಚೆನ್ನಾಗಿ ನಡೀತು, ನಲವತ್ತು ನಿಮಿಷ ಹಿಡೀತು. ಫಸ್ಟ್ ಇಯರ್ ಹುಡುಗನೊಬ್ಬ, ಯೇಸು ಪ್ರಶ್ನೆ ತಪ್ಪಿಸಿಕೊಂಡ ಅಂತ ಪಟ್ಟು ಹಿಡಿದ. ಅವನನ್ನ ಯಾರಿಗೂ ಒಪ್ಪಿಸೋಕೆ ಆಗಲಿಲ್ಲ, ನಾನೂ ಪ್ರಯತ್ನ ಮಾಡಲಿಲ್ಲ. ಜಿಂಕೆಮರಿ, ಆನೆ, ಸೊಳ್ಳೆ ಎಲ್ಲಾ ಹತ್ತೇ ನಿಮಿಷಕ್ಕೆ ಓಡಿಸಬೇಕಾಯ್ತು, ಅಲ್ಲಿ ಸೋತೆ. ಅದಕ್ಕೆ ಇನ್ನೊಂದು ಶುಕ್ರವಾರ ಬೇಕು. ಹಾಡು ಇಟ್ಟುಕೊಳ್ಳಲಿಲ್ಲ. ಕೀರ್ತನೆ ಮುಗಿದ ಮೇಲೆ ಯಾರೂ ಏಳಲಿಲ್ಲ, ಗೇಟಿನ ಟೈಮ್ ಆಯ್ತು ಅಂತ ನಾನೇ ಎಬ್ಬಿಸಬೇಕಾಯ್ತು.

ಕೊಡಗಿನವಳು ಬಂದಿರಲಿಲ್ಲ. ಅವಳಿಗೆ ಮೆಸೇಜ್ ಹಾಕ್ಲಾ ಬೇಡ್ವಾ ಅಂತ ಇನ್ನೂ ಯೋಚಿಸ್ತಿದೀನಿ. ಹಾಕಿದ್ರೆ ಏನು ಬರೀಲಿ?

ಕಾಫಿತೋಟ

ಪಾಠದ ಸುದ್ದಿ ಬರೀಬೇಡಿ. ಅವಳ ಊರಲ್ಲಿ ಈಗ ಮಳೆ ಹೇಗಿದೆ ಅಂತ ಕೇಳಿ.

ನೈಟ್‌ಡ್ಯೂಟಿ

ಉತ್ತರ ಬರದಿದ್ರೂ ಮತ್ತೆ ಕೇಳಬೇಡಿ.